ಡ್ರಮ್ಮಿನ ನಲ್ಲಿಯ ಬುಡದಲ್ಲಿ ನೀರು ಸೋರುತ್ತಿದೆಯೇ?



ಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ಸಂಘದ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ತಮ್ಮ ಮನೆಯ ನೀಲಿ ಡ್ರಮ್ಮಿನ ವಿಷಯ ಎತ್ತಿದರು. 200 ಲೀಟರಿನ ಡ್ರಮ್ಮು, ಕೆಳಗಡೆ ಅರ್ಧ ಇಂಚಿನ ನಲ್ಲಿ. ಅವರ ಬೀದಿಗೆ ನೀರು ಬಿಡುವುದು ಮೂರು ದಿನಕ್ಕೊಮ್ಮೆ. "ಸಿಸ್ಟರ್, ಎಷ್ಟು ಬಿಗಿ ಮಾಡಿದ್ರೂ ನಲ್ಲಿ ಬುಡದಲ್ಲಿ ಜಿನುಗೋದು ನಿಲ್ತಿಲ್ಲ. ಎಂ-ಸೀಲ್ ಮೆತ್ತಿದ್ವಿ, ಎರಡೇ ದಿನಕ್ಕೆ ಚಕ್ಕೆ ಹಂಗೆ ಎದ್ದು ಬಂತು" ಅಂದರು. ಅಲ್ಲೇ ಕೂತಿದ್ದ ಇನ್ನೂ ನಾಲ್ಕು ಜನ "ನಮ್ಮನೇಲೂ ಹಂಗೇ" ಅಂದರು. ಹಾಗಾಗಿ ಈ ಸಲದ ಪಾಠಕ್ಕೆ ಅದೇ ಡ್ರಮ್ಮನ್ನು ಎತ್ತಿಕೊಂಡಿದ್ದೇನೆ.

ಮೊದಲು ಸೋರಿಕೆ ಎಷ್ಟು ಅಂತ ಅಳೆದು ನೋಡಿದೆವು. ಡ್ರಮ್ಮು ತುಂಬಿದ್ದಾಗ ಅಡಿಯಲ್ಲಿ 200 ಮಿಲಿಯ ಲೋಟ ಇಟ್ಟರೆ 20 ನಿಮಿಷಕ್ಕೆ ತುಂಬಿತು. ಅಂದರೆ ಗಂಟೆಗೆ 600 ಮಿಲಿ, ದಿನಕ್ಕೆ 14 ಲೀಟರಿಗೂ ಮೇಲೆ. ಸುಮಾರು ಒಂದು ಕೊಡ ನೀರು ದಿನಾ ಮಣ್ಣಿಗೆ ಹೋಗುತ್ತಿದೆ. ಡ್ರಮ್ಮಿನಲ್ಲಿ ನೀರು ಇಳಿದಂತೆ ಸೋರುವುದೂ ಕಡಿಮೆಯಾಗುತ್ತದೆ, ಯಾಕೆಂದರೆ ಮೇಲಿನ ನೀರಿನ ಭಾರವೇ ಅದನ್ನು ಹೊರಗೆ ತಳ್ಳುವುದು. ಅದಕ್ಕೇ ಅರ್ಧ ಡ್ರಮ್ಮಿನಲ್ಲಿ "ಸರಿ ಹೋಯ್ತು" ಅನ್ನಿಸಿದ್ದು ತುಂಬಿದ ದಿನ ಮತ್ತೆ ಸೋರುತ್ತದೆ. ರಿಪೇರಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದಾದರೆ ಯಾವಾಗಲೂ ಡ್ರಮ್ಮನ್ನು ಪೂರ್ತಿ ತುಂಬಿಸಿಯೇ ನೋಡಬೇಕು.

ನಲ್ಲಿ ಕೂತಿರುವುದು ಹೇಗೆ

ನಲ್ಲಿಯನ್ನು ನೇರವಾಗಿ ಡ್ರಮ್ಮಿಗೆ ತಿರುಗಿಸಿರುವುದಿಲ್ಲ. ನಡುವೆ ಒಂದು ಸಣ್ಣ ತುಂಡು ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇದಕ್ಕೆ ಟ್ಯಾಂಕ್ ನಿಪ್ಪಲ್ ಅಂತಾರೆ, ಕೆಲವರು ಟ್ಯಾಂಕ್ ಕನೆಕ್ಟರ್ ಅಂತಾರೆ. ಅದರ ಒಂದು ತುದಿಯಲ್ಲಿ ಬೋಲ್ಟಿನ ಹಾಗೆ ಅಗಲವಾದ ತಲೆ ಇದೆ. ಆ ತಲೆ ಡ್ರಮ್ಮಿನ ಒಳಗೆ ಇರಬೇಕು. ಥ್ರೆಡ್ ಇರುವ ಕಾಂಡ ತೂತಿನಿಂದ ಹೊರಗೆ ಬರುತ್ತದೆ, ಹೊರಗಡೆಯಿಂದ ಅದಕ್ಕೆ ದೊಡ್ಡ ನಟ್ಟು ಹಾಕಿ ಬಿಗಿ ಮಾಡುತ್ತಾರೆ. ಇದಕ್ಕೆ ಚೆಕ್ ನಟ್ ಅಂತಾರೆ. ಆಮೇಲೆ ನಿಪ್ಪಲಿನ ಬಾಯಿಗೆ ನಲ್ಲಿ ತಿರುಗಿಸುತ್ತಾರೆ.

ಇಲ್ಲಿ ನೀರು ತಡೆಯುವುದು ನಟ್ಟಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ನೀರು ತಡೆಯುವುದು ಒಳಗಡೆ, ತಲೆಗೂ ಡ್ರಮ್ಮಿನ ಗೋಡೆಗೂ ನಡುವೆ ಕೂತಿರುವ ರಬ್ಬರ್ ವಾಷರ್. ನಟ್ಟಿನ ಕೆಲಸ ಆ ವಾಷರನ್ನು ಒತ್ತಿ ಹಿಡಿಯುವುದು ಮಾತ್ರ. ವಾಷರನ್ನು ಹೊರಗಡೆ ಮಾತ್ರ ಹಾಕಿದರೆ ನೀರು ತೂತಿನೊಳಗೆ ನುಗ್ಗಿ, ನಟ್ಟಿನ ಥ್ರೆಡ್ ಸಂದಿನಲ್ಲಿ ಸುತ್ತಿ ಸುತ್ತಿ ಹೊರಗೆ ಬರುತ್ತದೆ. ಆಗ ನಟ್ಟಿನ ಥ್ರೆಡ್ಡಿಗೆ ಎಷ್ಟು ಬಿಳಿ ಟೇಪು ಸುತ್ತಿದರೂ ಪ್ರಯೋಜನವಿಲ್ಲ. ಟೇಪು ಬೇಕಾದದ್ದು ನಲ್ಲಿಯ ಥ್ರೆಡ್ಡಿಗೆ, ಅಂದರೆ ನಲ್ಲಿ ನಿಪ್ಪಲಿನ ಒಳಗೆ ಹೋಗುವ ಜಾಗಕ್ಕೆ.

ಎಲ್ಲಿಂದ ಸೋರುತ್ತಿದೆ

ನೀರು ಕೆಳಗೆ ಇಳಿದು ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂತ ತಿಳಿಯಬೇಡಿ. ಹಳೆ ಬಟ್ಟೆಯಲ್ಲಿ ನಲ್ಲಿ, ನಟ್ಟು, ಸುತ್ತಲಿನ ಗೋಡೆ ಎಲ್ಲವನ್ನೂ ಚೆನ್ನಾಗಿ ಒರೆಸಿ ಒಣಗಿಸಿ. ಆಮೇಲೆ ಅದರ ಮೇಲೆ ಒಣ ರಂಗೋಲಿ ಪುಡಿಯನ್ನು ಬೆರಳಿನಿಂದ ತೆಳ್ಳಗೆ ಸವರಿ. ಐದು ನಿಮಿಷ ಕಣ್ಣಿಟ್ಟು ನೋಡಿ. ಪುಡಿ ಮೊದಲು ಎಲ್ಲಿ ಒದ್ದೆಯಾಗಿ ಬಣ್ಣ ಕಂದುತ್ತದೋ ಅಲ್ಲೇ ತೊಂದರೆ.

ನಲ್ಲಿಯ ಕುತ್ತಿಗೆ ಮೊದಲು ಒದ್ದೆಯಾದರೆ ಟೇಪಿನ ದೋಷ. ಡ್ರಮ್ಮು ಮುಟ್ಟಬೇಕಾಗಿಲ್ಲ, ನಲ್ಲಿ ಬಿಚ್ಚಿ, ಹಳೆ ಟೇಪು ಕಿತ್ತು, ಹೊಸ ಟೇಪನ್ನು 8-10 ಸುತ್ತು ಸುತ್ತಿ ಮತ್ತೆ ತಿರುಗಿಸಿದರೆ ಸಾಕು. ನಲ್ಲಿಯ ಥ್ರೆಡ್ ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ಹೋಗುವ ಕಡೆಗೇ ಟೇಪು ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ನಟ್ಟಿನ ಅಂಚು ಮೊದಲು ಒದ್ದೆಯಾದರೆ ವಾಷರಿನ ದೋಷ. ನಟ್ಟಿನಿಂದ ಆಚೆ, ಗೋಡೆಯ ಮೇಲೆ ಕೂದಲೆಳೆಯಷ್ಟು ಗೆರೆಯಾಗಿ ಒದ್ದೆಯಾದರೆ ಅದು ಬಿರುಕು.

ಆ ಸದಸ್ಯೆಯ ಮನೆಯಲ್ಲಿ ಎರಡು ಕಡೆ ಒದ್ದೆಯಾಯಿತು. ಮೊದಲು ನಟ್ಟಿನ ಅಡಿ, ಸ್ವಲ್ಪ ಹೊತ್ತಿಗೆ ನಟ್ಟಿನ ಬಲಗಡೆ ಒಂದು ಗೆರೆ.

ನಟ್ಟು ಬಿಗಿ ಮಾಡುವುದು

ಬಿರುಕು ಇಲ್ಲದಿದ್ದರೆ ಮೊದಲು ಬಿಚ್ಚದೆಯೇ ಬಿಗಿ ಮಾಡಿ ನೋಡಬಹುದು. ಇದಕ್ಕೆ ಇಬ್ಬರು ಬೇಕು. ಒಬ್ಬರು ಡ್ರಮ್ಮಿನೊಳಗೆ ಕೈ ಬಿಟ್ಟು ನಿಪ್ಪಲಿನ ತಲೆಯನ್ನು ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಹೊರಗಿನಿಂದ ನಟ್ಟನ್ನು ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಬೇಕು. ಒಳಗೆ ಹಿಡಿಯದೆ ತಿರುಗಿಸಿದರೆ ನಿಪ್ಪಲು ಪೂರ್ತಿ ತಿರುಗುತ್ತದೆ, ನಟ್ಟು ಬಿಗಿಯಾದಂತೆ ಕಾಣುತ್ತದೆ ಅಷ್ಟೇ. ಒಳಗಿನ ವಾಷರು ಮಡಚಿಕೊಂಡು ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ. ಸಭೆಯಲ್ಲಿ ಕೈ ಎತ್ತಿದ ನಾಲ್ವರಲ್ಲಿ ಮೂವರು ಒಬ್ಬರೇ ನಿಂತು ತಿರುಗಿಸಿದವರು!

ಎಷ್ಟು ಬಿಗಿ? ಬರೀ ಕೈಯಲ್ಲಿ ಎಷ್ಟು ತಿರುಗುತ್ತದೋ ಅಷ್ಟು. ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು. ಅಲ್ಲಿಗೆ ನಿಲ್ಲಿಸಬೇಕು. ವಾಷರು ಅಂಚಿನಿಂದ ಸ್ವಲ್ಪವೇ ಉಬ್ಬಿದಂತೆ ಕಂಡರೆ ಸರಿಯಾಗಿ ಕೂತಿದೆ ಅಂತ ಅರ್ಥ. ಚಪಾತಿ ಅಂಚಿನ ಹಾಗೆ ಹೊರಗೆ ಚಾಚಿಕೊಂಡರೆ ಅತಿಯಾಗಿದೆ, ಸ್ವಲ್ಪ ಸಡಿಲ ಮಾಡಿ. ಗಂಡಸರು ಉದ್ದನೆ ಪೈಪ್ ರೆಂಚ್ ತಂದು ಮೈ ಬಲ ಹಾಕಿ ತಿರುಗಿಸುತ್ತಾರೆ. ಪ್ಲಾಸ್ಟಿಕ್ಕಿಗೆ ಅದು ಆಗುವುದಿಲ್ಲ. ನಿಪ್ಪಲಿನ ಥ್ರೆಡ್ ಕಿತ್ತು ಹೋಗುತ್ತದೆ, ಇಲ್ಲವೇ ತೂತಿನ ಅಂಚಿನಿಂದ ಬಿರುಕು ಹೊರಡುತ್ತದೆ. ಈ ಡ್ರಮ್ಮಿನ ಬಿರುಕು ಶುರುವಾದದ್ದೂ ಹೀಗೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಬಿಗಿ ಮಾಡಿದಷ್ಟೂ ಸೋರಿಕೆ ಜಾಸ್ತಿಯಾದರೆ ತಕ್ಷಣ ಕೈ ಬಿಡಿ. ಆಗ ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ. ನಟ್ಟು ಥ್ರೆಡ್ಡಿನ ಕೊನೆಗೆ ಬಂದು ನಿಂತರೂ ನಿಪ್ಪಲು ಅಲ್ಲಾಡುತ್ತಿದ್ದರೆ ಅದು ಬೇರೆ ಕತೆ. ಡ್ರಮ್ಮಿನ ಗೋಡೆ ತೆಳು ಇದೆ, ನಟ್ಟು ಒತ್ತಲು ಜಾಗ ಸಿಗುತ್ತಿಲ್ಲ. ಹೊರಗಡೆ ನಟ್ಟಿಗೂ ಗೋಡೆಗೂ ನಡುವೆ ಇನ್ನೊಂದು ವಾಷರು ಸೇರಿಸಿದರೆ ಸರಿಹೋಗುತ್ತದೆ.

ಬಿಚ್ಚಿ ನೋಡಿದಾಗ

ನೀರು ಬರುವ ಹಿಂದಿನ ದಿನ ಈ ಕೆಲಸ ಇಟ್ಟುಕೊಳ್ಳಿ. ಉಳಿದ ನೀರನ್ನು ಕೊಡಗಳಿಗೆ ತುಂಬಿಸಿ ಡ್ರಮ್ಮು ಖಾಲಿ ಮಾಡಿ, ನಲ್ಲಿ ಬಿಚ್ಚಿ, ಒಳಗೆ ಒಬ್ಬರು ಹಿಡಿದುಕೊಂಡು ನಟ್ಟು ಬಿಚ್ಚಿ. ವಾಷರನ್ನು ಉಗುರಿನಿಂದ ಒತ್ತಿ ನೋಡಿ. ಒಳ್ಳೆಯ ರಬ್ಬರು ಒತ್ತಿದ ಗುರುತನ್ನು ಕೂಡಲೇ ಮರೆತುಬಿಡುತ್ತದೆ. ಗಟ್ಟಿಯಾಗಿದ್ದರೆ, ಮಡಚಿದಾಗ ಸಣ್ಣ ಸಣ್ಣ ಸೀಳು ಕಂಡರೆ, ಹೊಸದು ತನ್ನಿ. ಹಳೇ ವಾಷರು ಉಲ್ಟಾ ಹಾಕಿ ನೋಡುವ ಉಳಿತಾಯ ಬೇಡ.

ತೂತಿನ ಅಂಚನ್ನೂ ಬೆರಳಿನಿಂದ ಸವರಿ. ಕಾದ ಕಬ್ಬಿಣದ ಸರಳಿನಿಂದ ತೂತು ಹಾಕಿದ್ದರೆ ಸುತ್ತಲೂ ಕರಗಿದ ಪ್ಲಾಸ್ಟಿಕ್ಕು ದಿಬ್ಬದಂತೆ ಗಟ್ಟಿಯಾಗಿರುತ್ತದೆ. ವಾಷರು ಅದರ ಮೇಲೆ ಕೂತರೆ ಪಕ್ಕದಲ್ಲಿ ಸಂದು ಉಳಿಯುತ್ತದೆ. ಹರಿತವಾದ ಚಾಕುವಿನಿಂದ ದಿಬ್ಬ ಕೆತ್ತಿ, ಆಮೇಲೆ ಉಪ್ಪು ಕಾಗದದಿಂದ ತಿಕ್ಕಿ ನುಣ್ಣಗೆ ಮಾಡಿ. ಈ ಡ್ರಮ್ಮಿನಲ್ಲಿ ಅದೂ ಇತ್ತು. ವಾಷರು ಹೊರಗಡೆ ಮಾತ್ರ ಇತ್ತು, ಒಳಗಡೆ ಇರಲೇ ಇಲ್ಲ.

ಡ್ರಮ್ಮಿನ ಮೈ ಬಾಗಿರುವುದರಿಂದಲೂ ಒಂದು ತೊಂದರೆ ಇದೆ. ನಿಪ್ಪಲಿನ ತಲೆ ಚಪ್ಪಟೆ, ಗೋಡೆ ದುಂಡು. 200 ಲೀಟರ್ ಡ್ರಮ್ಮಿನಲ್ಲಿ 4 ಸೆಂಟಿಮೀಟರ್ ಅಗಲದ ತಲೆ ಇಟ್ಟರೆ ಗೋಡೆಗೂ ತಲೆಗೂ ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಸಂದು ಉಳಿಯುತ್ತದೆ. ತಲೆ 6 ಸೆಂಟಿಮೀಟರ್ ಇದ್ದರೆ ಸಂದು ಒಂದೂವರೆ ಮಿಲಿಮೀಟರ್. ಸೈಕಲ್ ಟ್ಯೂಬಿನ ತೆಳು ರಬ್ಬರಿಗೆ ಇದನ್ನು ತುಂಬಲು ಆಗುವುದಿಲ್ಲ. 3-4 ಮಿಲಿಮೀಟರ್ ದಪ್ಪದ ಮೆತ್ತನೆ ವಾಷರು ಕೇಳಿ ತನ್ನಿ. ಕುಡಿಯುವ ನೀರಿನ ಡ್ರಮ್ಮಿಗೆ ಲಾರಿ ಟ್ಯೂಬು ಕತ್ತರಿಸಿ ಹಾಕುವುದು ನನಗೆ ಇಷ್ಟವಿಲ್ಲ, ನೀರಿಗೆ ರಬ್ಬರಿನ ವಾಸನೆ ಬರುತ್ತದೆ.

ಬಿರುಕಿಗೆ ಯಾಕೆ ಏನೂ ಅಂಟುವುದಿಲ್ಲ

ಡ್ರಮ್ಮಿನ ತಳದಲ್ಲಿ ತ್ರಿಕೋನದೊಳಗೆ 2 ಅಂತ ಗುರುತು ಇರುತ್ತದೆ. ಇದು ಪಾಲಿಥೀನ್ ಜಾತಿಯ ಪ್ಲಾಸ್ಟಿಕ್ಕು. ಮೇಣ ಮುಟ್ಟಿದ ಹಾಗೆ ಜಾರುವ ಗುಣ ಇದರದ್ದು. ಅಂಟು ಇದಕ್ಕೆ ಕಚ್ಚಿಕೊಳ್ಳುವುದಿಲ್ಲ. ಎಂ-ಸೀಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ನಿಜ, ಆದರೆ ಗೋಡೆ ಹಿಡಿಯುವುದಿಲ್ಲ. ನೀರು ತುಂಬಿ ಡ್ರಮ್ಮು ಸ್ವಲ್ಪ ಉಬ್ಬಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಪೈಪಿಗೆ ಹಾಕುವ ಅಂಟೂ ಅಷ್ಟೇ, ಅದು ಪಿವಿಸಿಗೆ ಮಾತ್ರ. ಬಿರುಕಿಗೆ ಬಟ್ಟೆ ಸೋಪು ತಿಕ್ಕಿದರೆ ಕೆಲವು ಗಂಟೆ ನಿಲ್ಲುತ್ತದೆ, ರಾತ್ರಿ ಕಳೆಯಲು ಅಷ್ಟು ಸಾಕು. ಡಾಂಬರು ಮಾತ್ರ ಬೇಡವೇ ಬೇಡ, ಕುಡಿಯುವ ನೀರು ಅದು.

ಅಂಟಿಸಲಾಗದ ಬಿರುಕನ್ನು ಎರಡು ರೀತಿಯಲ್ಲಿ ನಿಲ್ಲಿಸಬಹುದು: ರಬ್ಬರಿನ ಅಡಿಯಲ್ಲಿ ಒತ್ತಿ ಹಿಡಿಯಬೇಕು, ಇಲ್ಲವೇ ಅದೇ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯಬೇಕು.

ಯಾವುದು ಮಾಡಬೇಕು ಅನ್ನುವುದಕ್ಕೆ ಬಿರುಕು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗಬೇಕು. ಕಣ್ಣಿಗೆ ಕಾಣುವುದಕ್ಕಿಂತ ಅದು ಸ್ವಲ್ಪ ಮುಂದೆ ಹೋಗಿರುತ್ತದೆ. ಒಣಗಿದ ಗೋಡೆಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಬಿರುಕಿನೊಳಗೆ ಹೋದ ಪುಡಿ ಅಲ್ಲೇ ಉಳಿದು ನೀಲಿ ಮೇಲೆ ಬಿಳಿ ಗೆರೆಯಾಗಿ ಕಾಣುತ್ತದೆ. ಗೆರೆಯ ತುದಿಗೆ ಪೆನ್ನಿನಿಂದ ಚುಕ್ಕೆ ಇಡಿ.

ಈ ಡ್ರಮ್ಮಿನಲ್ಲಿ ಬಿರುಕು ತೂತಿನ ಅಂಚಿನಿಂದ ಬಲಕ್ಕೆ ಒಂದೂವರೆ ಸೆಂಟಿಮೀಟರ್ ಹೋಗಿತ್ತು. ಹಳೇ ನಿಪ್ಪಲಿನ ತಲೆ 4 ಸೆಂಟಿಮೀಟರ್ ಅಗಲ, ತೂತು 2.2 ಸೆಂಟಿಮೀಟರ್. ಅಂದರೆ ತೂತಿನ ಅಂಚಿನಿಂದ ಆಚೆಗೆ ವಾಷರು ಮುಚ್ಚುವುದು 9 ಮಿಲಿಮೀಟರ್ ಮಾತ್ರ. ಬಿರುಕಿನ ತುದಿ ವಾಷರಿನ ಆಚೆ ಇಣುಕುತ್ತಿತ್ತು. ಹೊಸ ವಾಷರು ಹಾಕಿದ್ದರೂ ಅದು ಸೋರುತ್ತಲೇ ಇರುತ್ತಿತ್ತು.

ಇಂಥ ಬಿರುಕಿಗೆ ನನ್ನ ಮಟ್ಟಿಗೆ ಒಳ್ಳೆಯ ಉಪಾಯ ದೊಡ್ಡ ನಿಪ್ಪಲು. ಒಂದು ಇಂಚಿನ ನಿಪ್ಪಲು ತಂದೆವು. ತಲೆ 6 ಸೆಂಟಿಮೀಟರ್ ಅಗಲ ಇತ್ತು, ಅದಕ್ಕೆ 3.5 ಸೆಂಟಿಮೀಟರ್ ತೂತು ಬೇಕಾಗಿತ್ತು. ಎಲ್ಲ ಕಂಪನಿಯದ್ದೂ ಒಂದೇ ಅಳತೆ ಇರುವುದಿಲ್ಲ, ಅದಕ್ಕೇ ನಿಪ್ಪಲು ಕೊಂಡ ಮೇಲೆಯೇ ತೂತಿನ ಗುರುತು ಹಾಕಬೇಕು. ನಿಪ್ಪಲಿನ ಕಾಂಡವನ್ನು ಗೋಡೆಗೆ ಇಟ್ಟು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಇಲ್ಲಿ ಒಂದು ಜಾಣತನ ಮಾಡಿದೆವು. ಹೊಸ ತೂತನ್ನು ಹಳೇ ತೂತಿನ ನಡುವಿಗೆ ಸರಿಯಾಗಿ ಇಡದೆ, ಬಿರುಕಿನ ಕಡೆಗೆ ಅರ್ಧ ಸೆಂಟಿಮೀಟರ್ ಸರಿಸಿ ಗುರುತು ಹಾಕಿದೆವು. ಹಳೇ ತೂತು ಪೂರ್ತಿ ಹೊಸದರೊಳಗೆ ಸೇರಿಕೊಂಡಿತು. ಬಿರುಕಿನ ಬಹುಪಾಲು ಕತ್ತರಿಸಿ ಹೋಯಿತು. ಉಳಿದದ್ದು ಮೂರು ನಾಲ್ಕು ಮಿಲಿಮೀಟರ್ ತುದಿ ಮಾತ್ರ.

ಆ ತುದಿಯಲ್ಲಿ, ಚುಕ್ಕೆ ಇಟ್ಟ ಜಾಗಕ್ಕೆ, 3 ಮಿಲಿಮೀಟರ್ ಡ್ರಿಲ್ಲಿನಿಂದ ಸಣ್ಣ ತೂತು ಕೊರೆಸಿದೆವು. ತೂತು ಇದೆ ಅಂತ ಮತ್ತೊಂದು ತೂತು ಹಾಕುವುದು ವಿಚಿತ್ರ ಅನ್ನಿಸಬಹುದು. ಬಿರುಕಿನ ಚೂಪಾದ ತುದಿಯಲ್ಲೇ ಎಲ್ಲ ಎಳೆತ ಬಂದು ಸೇರುವುದರಿಂದ ಅದು ಮುಂದೆ ಮುಂದೆ ಸೀಳುತ್ತಾ ಹೋಗುತ್ತದೆ. ತುದಿ ದುಂಡಗಾದರೆ ಎಳೆತ ಹಂಚಿಹೋಗಿ ಅಲ್ಲಿಗೆ ನಿಲ್ಲುತ್ತದೆ. ಈ ಸಣ್ಣ ತೂತಿನ ಆಚೆಗೂ ಹೊಸ ತಲೆ 7 ಮಿಲಿಮೀಟರಿಗಿಂತ ಹೆಚ್ಚು ಮುಚ್ಚುತ್ತಿತ್ತು, ಅಷ್ಟು ಸಾಕು. 5 ಮಿಲಿಮೀಟರಿಗಿಂತ ಕಡಿಮೆ ಉಳಿಯುವಂತಿದ್ದರೆ ಈ ಉಪಾಯವನ್ನು ನಂಬಿಕೊಳ್ಳಬೇಡಿ.

ಒಳಗೆ ಒಂದು ದಪ್ಪ ವಾಷರು, ಹೊರಗೆ ಒಂದು ವಾಷರು ಹಾಕಿ, ಮೊದಲು ಹೇಳಿದಂತೆ ಇಬ್ಬರು ಸೇರಿ ನಟ್ಟು ಬಿಗಿ ಮಾಡಿದರು. ಒಂದು ಇಂಚಿನ ಬಾಯಿಗೆ ಅರ್ಧ ಇಂಚಿನ ನಲ್ಲಿ ಕೂರುವುದಿಲ್ಲ, ನಡುವೆ ರೆಡ್ಯೂಸರ್ ಬೇಕು. ರೆಡ್ಯೂಸರ್ ನಿಪ್ಪಲಿಗೆ ಸೇರುವ ಜಾಗಕ್ಕೂ, ನಲ್ಲಿ ರೆಡ್ಯೂಸರಿಗೆ ಸೇರುವ ಜಾಗಕ್ಕೂ ಟೇಪು ಸುತ್ತಿದೆವು. ನಲ್ಲಿ ತಿರುಗಿಸುವಾಗ ಇನ್ನೊಂದು ಕೈಯಲ್ಲಿ ನಟ್ಟನ್ನು ಹಿಡಿದುಕೊಂಡಿರಬೇಕು, ಇಲ್ಲದಿದ್ದರೆ ಈಗ ತಾನೇ ಕೂತ ವಾಷರು ಮತ್ತೆ ತಿರುಚಿಕೊಳ್ಳುತ್ತದೆ.

ಮಾರನೇ ದಿನ ನೀರು ಬಂದಾಗ ಡ್ರಮ್ಮು ತುಂಬಿಸಿ, ಅಡಿಯಲ್ಲಿ ಒಣ ಪೇಪರು ಹಾಸಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಪೇಪರಿನ ಮೇಲೆ ರೂಪಾಯಿ ನಾಣ್ಯದಷ್ಟು ಒದ್ದೆ ಇತ್ತು. ನಟ್ಟು ಇನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದರು. ಎರಡನೇ ರಾತ್ರಿ ಪೇಪರು ಒಣಗಿಯೇ ಇತ್ತು. ಹೊಸ ರಬ್ಬರು ಒತ್ತಡಕ್ಕೆ ಸ್ವಲ್ಪ ಕುಸಿಯುತ್ತದೆ, ಹಾಗಾಗಿ ಮರುದಿನ ಒಮ್ಮೆ ಹೀಗೆ ಬಿಗಿ ಮಾಡಬೇಕಾಗಿ ಬರುವುದು ಸಹಜ.

ನಲ್ಲಿಯಿಂದ ದೂರದ ಬಿರುಕು

ಬಿರುಕು ನಲ್ಲಿಯಿಂದ ದೂರ ಇದ್ದರೆ, ಎರಡು ಮೂರು ಸೆಂಟಿಮೀಟರ್ ಒಳಗಿದ್ದರೆ, ಬೆಸೆಯುವುದು ಒಳ್ಳೆಯದು. ರೇಡಿಯೋ, ಮೊಬೈಲ್ ರಿಪೇರಿಯವರ ಹತ್ತಿರ ಇರುವ ಸೋಲ್ಡರಿಂಗ್ ಐರನ್ ಸಾಕು. ಡ್ರಮ್ಮು ಪೂರ್ತಿ ಒಣಗಿರಬೇಕು, ಕೈಯೂ ಒಣಗಿರಬೇಕು, ಕರೆಂಟಿನ ಕೆಲಸ ಇದು. ಬಿರುಕಿನ ಎರಡು ತುದಿಗೂ ಮೊದಲು ಸಣ್ಣ ತೂತು. ಆಮೇಲೆ ಬಿರುಕಿನುದ್ದಕ್ಕೂ ಚಾಕುವಿನಿಂದ ಗೋಡೆಯ ಅರ್ಧ ದಪ್ಪದವರೆಗೆ ಸಣ್ಣ ಕಾಲುವೆಯಂತೆ ಕೆತ್ತಿ. ತುಂಬಲು ಬೇಕಾದ ಪ್ಲಾಸ್ಟಿಕ್ಕೂ 2 ಗುರುತಿನದ್ದೇ ಆಗಿರಬೇಕು. ಹಳೇ ನೀಲಿ ಡ್ರಮ್ಮಿನ ಚೂರು ಅಥವಾ ಅದೇ ಗುರುತಿನ ಎಣ್ಣೆ ಕ್ಯಾನಿನಿಂದ ಕತ್ತರಿಸಿದ ಪಟ್ಟಿ. ಬಹಳಷ್ಟು ಬಕೆಟ್ಟುಗಳು 5 ಗುರುತಿನವು. ನೋಡಲು ಒಂದೇ ಥರ, ಆದರೆ ಇದರ ಜೊತೆ ಬೆರೆಯುವುದಿಲ್ಲ. ತಣ್ಣಗಾದ ಮೇಲೆ ಪಟ್ಟಿ ಎದ್ದು ಬರುತ್ತದೆ.

ಐರನ್ನಿನ ತುದಿಯಿಂದ ಗೋಡೆ ಮತ್ತು ಪಟ್ಟಿ ಎರಡನ್ನೂ ಒಟ್ಟಿಗೆ ಕರಗಿಸುತ್ತಾ ನಿಧಾನ ಹೋಗಬೇಕು. ಪಟ್ಟಿ ಮಾತ್ರ ಕರಗಿಸಿ ಮೇಲೆ ಮೆತ್ತಿದರೆ ಅದು ಬರೀ ಅಂಟಿಸಿದ ಹಾಗೆ. ಹೊಗೆ ಬಂದು ಕಂದು ಬಣ್ಣಕ್ಕೆ ತಿರುಗಿದರೆ ಸುಡುತ್ತಿದೆ ಅಂತ. ಐರನ್ ತೆಗೆದು ತಡೆಯಿರಿ. ಒಳಗಡೆಯಿಂದಲೂ ಹೀಗೇ ಮಾಡಬೇಕು. ಮುಗಿದ ಮೇಲೆ ನೀರು ಹಾಕಿ ತಣ್ಣಗೆ ಮಾಡುವ ಅವಸರ ಬೇಡ. ತಾನಾಗಿ ತಣಿದ ಮೇಲೆ ಉಗುರಿನಿಂದ ಅಂಚು ಎಬ್ಬಿಸಿ ನೋಡಿ, ಎದ್ದರೆ ಮತ್ತೆ ಮಾಡಬೇಕು. ಬಾಗಿಲು ಕಿಟಕಿ ತೆರೆದ ಜಾಗದಲ್ಲಿ ಅಥವಾ ಅಂಗಳದಲ್ಲಿ ಮಾಡಿ, ಮಕ್ಕಳನ್ನು ದೂರ ಇಡಿ.

ರಿಪೇರಿಯ ಗೋಜಿಗೆ ಹೋಗಬಾರದ ಡ್ರಮ್ಮೂ ಇವೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ನೀಲಿ ಬಣ್ಣ ಬೂದಿ ಹಿಡಿದಂತಾಗಿ, ಕೈಯಿಂದ ಉಜ್ಜಿದರೆ ಪುಡಿ ಹತ್ತುತ್ತದೆಯೇ? ಅಂಗೈಯಿಂದ ಒತ್ತಿದಾಗ ಬಾಗುವ ಬದಲು ಸಣ್ಣಗೆ ಚಟಚಟ ಸದ್ದು ಬರುತ್ತದೆಯೇ? ಅದರ ಪ್ಲಾಸ್ಟಿಕ್ಕು ಸತ್ತಿದೆ, ಒಂದು ಬಿರುಕು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಿಡುತ್ತದೆ. ಇನ್ನು ಔಷಧಿ, ಬಣ್ಣ, ಕೆಮಿಕಲ್ ತುಂಬಿದ್ದ ಡ್ರಮ್ಮು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕು ಅದನ್ನು ಹೀರಿಕೊಂಡಿರುತ್ತದೆ, ಕುಡಿಯುವ ನೀರಿಗೆ ಅದು ಆಗಲೇ ಆಗದು. ಅಂಥ ಡ್ರಮ್ಮಿಗೆ ಬಿಸಿ ಐರನ್ ತಾಗಿಸುವುದೂ ಅಪಾಯ, ಒಳಗೆ ಉಳಿದ ಆವಿಗೆ ಬೆಂಕಿ ಹತ್ತಬಹುದು. ಗುಜರಿಯಲ್ಲಿ ಡ್ರಮ್ಮು ಕೊಳ್ಳುವಾಗ ಮೊದಲು ಏನು ತುಂಬಿದ್ದರು ಅಂತ ಕೇಳಿ, ಲೇಬಲ್ ನೋಡಿ, ಮುಚ್ಚಳ ತೆಗೆದು ವಾಸನೆ ನೋಡಿ. ಏನಿತ್ತು ಅಂತ ಹೇಳಲಾಗದವರ ಹತ್ತಿರ ಕೊಳ್ಳಬೇಡಿ.

ಸರಿಯಾಗಿ ಕೂರಿಸಿದ ನಟ್ಟೂ ಸಡಿಲವಾಗುವುದು ಹೆಚ್ಚಾಗಿ ನಲ್ಲಿಯ ಮೇಲೆ ಬೀಳುವ ಭಾರದಿಂದ. ತುಂಬುವ ಬಿಂದಿಗೆಯನ್ನು ನಲ್ಲಿಗೆ ನೇತು ಹಾಕುವುದು, ಮಕ್ಕಳು ಅದನ್ನು ಹಿಡಿದು ಜಗ್ಗುವುದು, ಡ್ರಮ್ಮು ಅಲ್ಲಾಡುವ ಕಲ್ಲುಗಳ ಮೇಲೆ ಇರುವುದು, ಇವೆಲ್ಲ ನಿಪ್ಪಲನ್ನು ದಿನಾ ಸ್ವಲ್ಪ ಸ್ವಲ್ಪ ಎಳೆಯುತ್ತವೆ. ಆ ಮನೆಯಲ್ಲಿ ಡ್ರಮ್ಮಿನ ಅಡಿಗೆ ಮೂರು ಕಲ್ಲಿದ್ದವು. ತಳ ಪೂರ್ತಿ ಕೂರುವಂತೆ ಚಪ್ಪಡಿ ಹಾಕಿ, ಬಿಂದಿಗೆ ಇಡಲು ನಲ್ಲಿಯ ಕೆಳಗೆ ಎರಡು ಇಟ್ಟಿಗೆ ಜೋಡಿಸಿದರು. ನಲ್ಲಿ ತಿರುಗಿಸುವಾಗ ಎಡಗೈಯಲ್ಲಿ ನಲ್ಲಿಯ ಕುತ್ತಿಗೆ ಹಿಡಿದುಕೊಳ್ಳಬೇಕು ಅಂತ ಅವರ ಅತ್ತೆ ಈಗ ಮೊಮ್ಮಕ್ಕಳಿಗೂ ಹೇಳಿಕೊಡುತ್ತಿದ್ದಾರೆ.